ಒಂದೇ ಪ್ರಶ್ನೆಗೆ ಮೂರು ರಿವ್ಯೂ: ಕೊನೆಗೆ ಕೈಹಿಡಿದದ್ದು ಒಂದು ಕೋಷ್ಟಕ

ಪ್ರಶ್ನೆ ಚಿಕ್ಕದಾಗಿತ್ತು. ಹೊರರೋಗಿಗಳಿಗೆ ಮೊಬೈಲ್ ಸಂದೇಶದ ಮೂಲಕ ಭೇಟಿಯ ದಿನ ನೆನಪಿಸಿದರೆ ತಪ್ಪಿಹೋಗುವ ಭೇಟಿಗಳು ಕಡಿಮೆಯಾಗುತ್ತವೆಯೇ? ಕೇಳಿದವರು ಒಂದು ಆರೋಗ್ಯ ಸೇವೆಯ ಆಡಳಿತಗಾರರು. ಈ ಒಂದು ಪ್ರಶ್ನೆಗೆ ನಾವು, ಪ್ರಕಟವಾದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ರಿವ್ಯೂವನ್ನು, ಮೂರು ಬಗೆಯಲ್ಲಿ ಆರಂಭಿಸಿದೆವು. ಮೊದಲ ಎರಡರಿಂದ ಅವರಿಗೆ ಉತ್ತರ ಸಿಗಲಿಲ್ಲ. ಮೂರನೆಯದು ಒಂಬತ್ತು ವಾರಗಳಲ್ಲಿ ಮುಗಿಯಿತು, ಅದರ ಮೇಲೆ ನಿರ್ಧಾರವೂ ಆಯಿತು. ಅದು ಆಗದ ಕೆಲಸ ಎಂದವರು ನಮ್ಮ ಗುಂಪಿನಲ್ಲೇ ಇದ್ದರು. ಆದ್ದರಿಂದ ನಡೆದದ್ದನ್ನು ನೆನಪಿರುವಷ್ಟು ಬರೆದಿಡುತ್ತಿದ್ದೇನೆ.

ಮೊದಲು ಕೈಗೆತ್ತಿಕೊಂಡದ್ದು ಸ್ಕೋಪಿಂಗ್ ರಿವ್ಯೂ. ವಿಷಯ ವಿಶಾಲವಾಗಿದೆ, ಮೊದಲು ನಕ್ಷೆ ಬೇಕು ಎಂದುಕೊಂಡೆವು. ಜನಸಮೂಹ, ಪರಿಕಲ್ಪನೆ, ಸಂದರ್ಭ ಎಂಬ ಮೂರು ಕಂಬಗಳ ಮೇಲೆ ಪ್ರಶ್ನೆ ಕಟ್ಟಿ, ರಿವ್ಯೂ ವರದಿಯಲ್ಲಿ ಏನೇನಿರಬೇಕೆಂದು ಹೇಳುವ ಪ್ರಿಸ್ಮಾ ಮಾರ್ಗಸೂಚಿಯ 2018ರ ಸ್ಕೋಪಿಂಗ್ ವಿಸ್ತರಣೆಯನ್ನು ಮುಂದಿಟ್ಟುಕೊಂಡು ಹೊರಟೆವು. ಶೀರ್ಷಿಕೆ ಮತ್ತು ಸಾರಾಂಶದ ಜರಡಿಗೆ ಬಿದ್ದದ್ದು ಸುಮಾರು ಆರು ಸಾವಿರ ದಾಖಲೆ. ಹನ್ನೊಂದು ತಿಂಗಳು ಹೋಯಿತು. ಅನುದಾನದ ಮೂರನೇ ಎರಡರಷ್ಟು ಇದಕ್ಕೇ ಕರಗಿತು. ಹೆಚ್ಚು ತಿಂದದ್ದು ಜರಡಿ ಹಿಡಿಯುವವರ ಸಂಬಳವಲ್ಲ. ಬಿಡಿಬಿಡಿಯಾಗಿ ಕೊಂಡ ಪೂರ್ಣಪಾಠಗಳು ಮತ್ತು ಬೇರೆ ಭಾಷೆಯ ಲೇಖನಗಳ ಅನುವಾದ. ವರದಿ ಚೆನ್ನಾಗಿಯೇ ಬಂದಿತ್ತು. ಯಾವ ವಿಭಾಗಗಳಲ್ಲಿ, ಎಷ್ಟು ದಿನ ಮುಂಚೆ, ಯಾವ ಮಾತಿನಲ್ಲಿ ನೆನಪಿಸಿದ್ದಾರೆ ಎಂಬುದೆಲ್ಲ ಅದರಲ್ಲಿತ್ತು. ಆಡಳಿತಗಾರರು ಕೊನೆಯ ಪುಟ ತೆರೆದು, “ಹಾಗಾದರೆ ನಾವು ಶುರು ಮಾಡಬೇಕೋ ಬೇಡವೋ?” ಎಂದು ಕೇಳಿದರು. ನಮ್ಮ ಬಳಿ ಉತ್ತರ ಇರಲಿಲ್ಲ. ಪರಿಣಾಮದ ಗಾತ್ರವನ್ನು ನಾವು ಒಟ್ಟುಗೂಡಿಸಿರಲಿಲ್ಲ, ಅಧ್ಯಯನಗಳ ಪಕ್ಷಪಾತವನ್ನೂ ಅಳೆದಿರಲಿಲ್ಲ. ಸ್ಕೋಪಿಂಗ್‌ನಲ್ಲಿ ಅದು ಸಾಮಾನ್ಯವಾಗಿ ಕೇಳುವ ಕೆಲಸವೂ ಅಲ್ಲ. ದೋಷ ವಿಧಾನದಲ್ಲಿ ಇರಲಿಲ್ಲ, ಆಯ್ಕೆಯಲ್ಲಿ ಇತ್ತು.

ಆ ಜರಡಿಯಲ್ಲೇ ಹಳೆಯ ಸಿಸ್ಟಮ್ಯಾಟಿಕ್ ರಿವ್ಯೂಗಳು ಹಲವು ಕಣ್ಣಿಗೆ ಬಿದ್ದಿದ್ದವು. ಇಷ್ಟು ರಿವ್ಯೂಗಳಿದ್ದರೆ ಅವನ್ನೇ ಒಟ್ಟುಗೂಡಿಸುವ ಅಂಬ್ರೆಲಾ ರಿವ್ಯೂ ಮಾಡೋಣ ಎಂದರು ಹಿರಿಯರೊಬ್ಬರು. ಎಲ್ಲರೂ ಒಪ್ಪಿದೆವು. ಪ್ರಶ್ನೆಗೆ ನೇರವಾಗಿ ಹೊಂದುವ ಏಳು ರಿವ್ಯೂಗಳು ಉಳಿದವು. ಏಳರಲ್ಲಿ ಆರು “ಹೌದು, ಉಪಯೋಗವಿದೆ” ಎನ್ನುತ್ತಿದ್ದವು. ಏಳರಲ್ಲಿ ಆರು ಎಂಬ ವಾಕ್ಯವನ್ನು ಕರಡಿನ ಸಾರಾಂಶದಲ್ಲಿ ಬರೆದೂ ಆಗಿತ್ತು.

ಆ ವಾಕ್ಯ ನನಗೆ ಸರಿಕಾಣಲಿಲ್ಲ. ಒಂದು ಸಂಜೆ ಕುಳಿತು ಕೋಷ್ಟಕ ಹಾಕಿದೆ. ಅಡ್ಡಸಾಲಿನಲ್ಲಿ ಒಂದೊಂದು ಮೂಲ ಪ್ರಯೋಗ, ಕಂಬಸಾಲಿನಲ್ಲಿ ಏಳು ರಿವ್ಯೂ, ಯಾವುದು ಯಾವುದನ್ನು ಸೇರಿಸಿಕೊಂಡಿದೆಯೋ ಅಲ್ಲಿ ಒಂದು ಗುರುತು. ಗುರುತುಗಳು ಒಟ್ಟು 94, ಆದರೆ ಬೇರೆ ಬೇರೆ ಪ್ರಯೋಗಗಳು 38 ಮಾತ್ರ. ಅದೇ ಪ್ರಯೋಗ ಹಲವು ರಿವ್ಯೂಗಳಲ್ಲಿ ಮರಳಿ ಬರುವುದೇ ಅತಿವ್ಯಾಪ್ತಿ, ಅದನ್ನು ಅಳೆಯುವುದು ಸಿಸಿಎ ಸೂತ್ರ. ಇದರಲ್ಲಿ N ಎಂದರೆ ಒಟ್ಟು ಗುರುತುಗಳು, r ಬೇರೆ ಬೇರೆ ಪ್ರಯೋಗಗಳು, c ರಿವ್ಯೂಗಳು:

```
CCA = (N − r) / (r × c − r)
    = (94 − 38) / (38 × 7 − 38)
    = 56 / 228 ≈ 0.25
```

ಶೇಕಡಾ 25. ಹದಿನೈದು ದಾಟಿದರೇ ಅತಿ ಹೆಚ್ಚು ಎಂದು ಎಣಿಸುತ್ತಾರೆ. ಅಂದರೆ ಆರು ರಿವ್ಯೂಗಳು ಆರು ಸಾಕ್ಷಿಗಳಾಗಿರಲಿಲ್ಲ. ಒಂದೇ ಹಿಡಿ ಪ್ರಯೋಗಗಳು ಆರು ಬಾಯಲ್ಲಿ ಮಾತನಾಡುತ್ತಿದ್ದವು.

ಈ ಕೋಷ್ಟಕ ಹಾಕುವಾಗ ನಾನು ಮೊದಲ ಸಲ ಎಡವಿದ ಜಾಗವನ್ನು ಹೇಳಿಬಿಡುತ್ತೇನೆ. ಅಡ್ಡಸಾಲಿನಲ್ಲಿ ಲೇಖನಗಳನ್ನು ಬರೆದಿದ್ದೆ, ಪ್ರಯೋಗಗಳನ್ನಲ್ಲ. ಒಂದೇ ಪ್ರಯೋಗದ ಫಲಿತಾಂಶ ಎರಡು ಲೇಖನಗಳಲ್ಲಿ ಬಂದಿದ್ದರೆ, ಒಂದು ರಿವ್ಯೂ ಮೊದಲನೆಯದನ್ನೂ ಇನ್ನೊಂದು ಎರಡನೆಯದನ್ನೂ ಉಲ್ಲೇಖಿಸಿರುತ್ತದೆ. ಆಗ ಅತಿವ್ಯಾಪ್ತಿ ಇಲ್ಲವೆಂದೇ ಕಾಣುತ್ತದೆ. ನೋಂದಣಿ ಸಂಖ್ಯೆ, ಊರು, ಭಾಗವಹಿಸಿದವರ ಸಂಖ್ಯೆ ಹೋಲಿಸಿ ಇಂಥ ಐದಾರು ಜೋಡಿಗಳನ್ನು ಒಂದುಗೂಡಿಸಿದ ಮೇಲೆ ಈ ಅಂಕಿ ಬಂತು. ಕುತೂಹಲಕ್ಕೆ ಇನ್ನೊಂದು ಲೆಕ್ಕವನ್ನೂ ಮಾಡಿದೆ. ಹಳೆಯ ರಿವ್ಯೂ ತನ್ನ ನಂತರ ಪ್ರಕಟವಾದ ಪ್ರಯೋಗವನ್ನು ಸೇರಿಸಿಕೊಳ್ಳಲು ಸಾಧ್ಯವೇ ಇಲ್ಲವಲ್ಲ, ಅಂಥ ಖಾಲಿ ಮನೆಗಳು 48 ಇದ್ದವು. ಅವನ್ನು ಛೇದದಿಂದ ಕಳೆದರೆ 56 ಭಾಗಿಸು 180, ಶೇಕಡಾ 31. ಪರಿಸ್ಥಿತಿ ತೋರುವುದಕ್ಕಿಂತ ಇನ್ನೂ ಬಿಗಿಯಾಗಿತ್ತು.

ಅಂಬ್ರೆಲಾವನ್ನು ಅಲ್ಲಿಗೇ ಕೈಬಿಡೋಣ, ಕೆಲವು ಹೆಜ್ಜೆಗಳನ್ನು ಮೊಟಕುಗೊಳಿಸಿ ಬೇಗ ಮುಗಿಸುವ ರ‍್ಯಾಪಿಡ್ ರಿವ್ಯೂ ಮಾಡೋಣ ಎಂದೆ. ಉಳಿದ ಹಣಕ್ಕೆ ಬೇರೆ ದಾರಿಯೂ ಇರಲಿಲ್ಲ. “ಎರಡು ಸಲ ನಿಧಾನವಾಗಿ ಮಾಡಿಯೇ ಆಗದ್ದು ಅವಸರದಲ್ಲಿ ಆಗುತ್ತದೆಯೇ?” ಎಂದು ಆ ಹಿರಿಯರೇ ಕೇಳಿದರು. ನನ್ನ ವಾದ ಇಷ್ಟೇ: ಪ್ರಯೋಗಗಳೆಲ್ಲ ಒಂದೇ ಗುಂಪಿನವಾದರೆ, ಅವನ್ನು ಅತ್ಯುತ್ತಮವಾಗಿ ಜೋಡಿಸಿರುವ ಒಂದು ರಿವ್ಯೂವನ್ನು ತಳಪಾಯವಾಗಿ ತೆಗೆದುಕೊಂಡು, ಅದರ ನಂತರದ ಪ್ರಯೋಗಗಳನ್ನು ಮಾತ್ರ ಸೇರಿಸಿದರೆ ಸಾಕು.

ತಳಪಾಯ ಆರಿಸಲು ಏಳನ್ನೂ ರಿವ್ಯೂಗಳ ಗುಣಮಟ್ಟ ಅಳೆಯುವ ಆಮ್‌ಸ್ಟಾರ್ 2ರ ಹದಿನಾರು ಅಂಶಗಳಲ್ಲಿ ತೂಗಿದೆವು. ಹೆಚ್ಚಿನವು ಬಿದ್ದದ್ದು ಒಂದೇ ಕಡೆ: ಮೊದಲೇ ಬರೆದಿಟ್ಟ ಪ್ರೊಟೊಕಾಲ್ ಇಲ್ಲ, ಕೈಬಿಟ್ಟ ಅಧ್ಯಯನಗಳ ಪಟ್ಟಿ ಇಲ್ಲ. ಎರಡೂ ಇದ್ದ ರಿವ್ಯೂ ಒಂದೇ ಒಂದು. ಅದು ಏಳರಲ್ಲಿ ತೀರಾ ಹೊಸದಲ್ಲ. ಆದರೂ ಅದನ್ನೇ ಆರಿಸಿದೆ, ಈ ಆಯ್ಕೆಗೆ ನಾನು ಇವತ್ತಿಗೂ ಹೆಮ್ಮೆಪಡುತ್ತೇನೆ. ಹಳೆಯದಾದರೆ ಹೊಸ ಹುಡುಕಾಟದಿಂದ ತುಂಬಬಹುದು. ಏನನ್ನು ಏಕೆ ಬಿಟ್ಟರೆಂದು ತಿಳಿಯದ ರಿವ್ಯೂವನ್ನು ತುಂಬಲು ದಾರಿಯೇ ಇಲ್ಲ.

ಹುಡುಕಾಟವನ್ನು ಆ ರಿವ್ಯೂ ನಿಲ್ಲಿಸಿದ ದಿನದಿಂದ ಆರಂಭಿಸಲಿಲ್ಲ, ಒಂದು ವರ್ಷ ಹಿಂದಿನಿಂದ ಆರಂಭಿಸಿದೆವು. ದತ್ತಸಂಚಯಕ್ಕೆ ತಡವಾಗಿ ಸೇರುವ ದಾಖಲೆಗಳು ಆ ಸಂದಿಯಲ್ಲೇ ಜಾರಿಹೋಗುತ್ತವೆ. ನಮಗೆ ಸಿಕ್ಕ ಆರು ಹೊಸ ಪ್ರಯೋಗಗಳಲ್ಲಿ ಒಂದು ಆ ಒಂದು ವರ್ಷದೊಳಗಿನದೇ. ಜರಡಿಯಲ್ಲಿ ಮೊದಲ ಇಪ್ಪತ್ತು ಶೇಕಡಾ ಸಾರಾಂಶಗಳನ್ನು ಇಬ್ಬರೂ ನೋಡಿದೆವು, ಉಳಿದದ್ದನ್ನು ಒಬ್ಬರು. ಒಬ್ಬರು ತಿರಸ್ಕರಿಸಿದ್ದನ್ನು ಇನ್ನೊಬ್ಬರು ತಪ್ಪದೆ ಮರುನೋಡಿದರು. ಈ ಕೊನೆಯ ಹೆಜ್ಜೆಯನ್ನು ಉಳಿತಾಯಕ್ಕೆಂದು ಬಿಡಬೇಡಿ. ನಮಗೆ ಎರಡು ಪ್ರಯೋಗಗಳು ಹಾಗೆಯೇ ವಾಪಸು ಸಿಕ್ಕವು. ನಾವು ಬಳಸಿದ ಹುಡುಕುಪದಗಳ ಸರಣಿಯನ್ನು ಇಲ್ಲಿ ಕೊಡುತ್ತಿಲ್ಲ, ಇನ್ನೆರಡು ಕೆಲಸಗಳು ಅದರ ಮೇಲೆ ನಿಂತಿವೆ.

ಖರ್ಚು ಸ್ಕೋಪಿಂಗ್‌ಗೆ ಆದದ್ದರ ಆರನೇ ಒಂದು ಭಾಗದಷ್ಟು. ವರದಿ ಒಪ್ಪಿಸಿದ ಮೇಲೆ, ಹುಡುಕಾಟದಲ್ಲಿ ಬಿಟ್ಟಿದ್ದ ಮೂರನೇ ದತ್ತಸಂಚಯವನ್ನೂ ಒಮ್ಮೆ ಹುಡುಕಿ ನೋಡಿದೆ. ಇನ್ನೊಂದು ಸಣ್ಣ ಪ್ರಯೋಗ ಸಿಕ್ಕಿತು. ಅದನ್ನು ಸೇರಿಸಿದರೂ ಒಟ್ಟು ಅಂದಾಜು ಬಹುತೇಕ ಅಲುಗಲಿಲ್ಲ. ಆ ಹಿರಿಯರಿಗೆ ಮೊದಲು ತೋರಿಸಿದ್ದು ಇದನ್ನೇ.

ಈಗ ನಾನು ಯಾವ ಪ್ರಶ್ನೆ ಬಂದರೂ ಪ್ರೊಟೊಕಾಲ್‌ಗೆ ಮೊದಲು ಎರಡು ದಿನ ಎತ್ತಿಡುತ್ತೇನೆ. ಕೇಳಿದವರನ್ನು ಕೂರಿಸಿಕೊಂಡು ವರದಿಯ ಕೊನೆಯ ವಾಕ್ಯವನ್ನು ಅವರಿಂದಲೇ ಖಾಲಿ ಜಾಗ ಬಿಟ್ಟು ಬರೆಸುತ್ತೇನೆ. “ಇಷ್ಟು ಕಡಿಮೆಯಾಗುತ್ತದೆ” ಎಂದು ಬರೆದರೆ ಸ್ಕೋಪಿಂಗ್ ಅಲ್ಲಿಗೇ ಹೊರಬೀಳುತ್ತದೆ. ಆಮೇಲೆ ಪಬ್‌ಮೆಡ್‌ನಲ್ಲಿ `systematic[sb]` ಸೇರಿಸಿ ಇರುವ ರಿವ್ಯೂಗಳನ್ನು ತೆಗೆದು, ಅದೇ ಕೋಷ್ಟಕವನ್ನು ಒರಟಾಗಿ ಹಾಕುತ್ತೇನೆ. ರಿವ್ಯೂಗಳು ಬೇರೆ ಬೇರೆ ಉಪಾಯಗಳನ್ನೋ ಬೇರೆ ಬೇರೆ ಜನರನ್ನೋ ನೋಡಿದ್ದು ಗುರುತುಗಳು ಚದುರಿದ್ದರೆ ಅಂಬ್ರೆಲಾ ಮಾಡಬಹುದು. ಗುರುತುಗಳು ಒಂದೇ ಕಡೆ ಗುಂಪುಗೂಡಿದ್ದು ಒಂದು ಗಟ್ಟಿ ರಿವ್ಯೂ ಇದ್ದರೆ, ಅದನ್ನು ಹೊಸದಾಗಿಸುವ ರ‍್ಯಾಪಿಡ್. ಗಟ್ಟಿಯಾದದ್ದು ಒಂದೂ ಇಲ್ಲದಿದ್ದರೆ ಪೂರ್ಣ ಸಿಸ್ಟಮ್ಯಾಟಿಕ್ ರಿವ್ಯೂವೇ ಬೇಕು. ಅದಕ್ಕೆ ಹಣವಿಲ್ಲ ಎಂದು ರ‍್ಯಾಪಿಡ್‌ಗೆ ಇಳಿಯಲು ನಾನು ಒಪ್ಪುವುದಿಲ್ಲ.

ಹೋದ ವರ್ಷ ಅದೇ ಆಡಳಿತಗಾರರು ಮತ್ತೆ ಬಂದರು. ಸಂದೇಶ ಓದಲಾಗದ ರೋಗಿಗಳಿಗೆ ಯಾರು ಯಾರು ಏನೇನು ಮಾಡಿ ನೋಡಿದ್ದಾರೆ ಎಂದು ಕೇಳಿದರು. ಕೊನೆಯ ವಾಕ್ಯ ಬರೆಯಿರಿ ಎಂದೆ. ಅವರು ಸಂಖ್ಯೆಗೆ ಜಾಗ ಬಿಡಲಿಲ್ಲ, ಒಂದು ಪಟ್ಟಿಗೆ ಜಾಗ ಬಿಟ್ಟರು. ಹನ್ನೊಂದು ತಿಂಗಳು ತಿಂದ ಹಳೆಯ ಸ್ಕೋಪಿಂಗ್ ಹಾಳೆಯನ್ನು ಹೊರತೆಗೆದು ಹುಡುಕಾಟವನ್ನು ಇಂದಿನವರೆಗೆ ತಂದೆವು, ಧ್ವನಿ ಕರೆಯ ಬಗ್ಗೆ ಒಂದು ಹೊಸ ಕಂಬಸಾಲು ಸೇರಿಸಿದೆವು. ಈ ಸಲ ಅವರು ವರದಿಯನ್ನು ಮೊದಲ ಪುಟದಿಂದ ಓದಿದರು.