ಬಿಲ್ಲುಗಳು 270 ಎಂಬಿ, ತುಂಬಿದ್ದು ಹತ್ತು ಜಿಬಿ

ಮುಂಬಯಿಯ ಉಡುಪಿ ಹೋಟೆಲುಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ನನಗೆ ಹೆಚ್ಚು ಬರುವ ಫೋನ್ ಕರೆಗಳೆಂದರೆ ಪ್ರಿಂಟರ್ ಕೈಕೊಟ್ಟದ್ದು, ಇಲ್ಲವೇ ಬಿಲ್ಲಿಂಗ್ ತೆರೆಯದಿರುವುದು. ಮಾಟುಂಗಾದ ಒಂದು ಹೋಟೆಲಿನಿಂದ ಬಂದ ಕರೆ ಬೇರೆಯದೇ ಆಗಿತ್ತು. ಲೆಕ್ಕಪರಿಶೋಧಕರಿಗೆ ಹಳೆಯ ಬಿಲ್ಲುಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಬೇಕಿತ್ತು. ನಕಲು ಅರ್ಧದಲ್ಲೇ ನಿಂತು, ಜಾಗ ಸಾಲದು ಎಂಬ ಸಂದೇಶ ಬಂದಿತ್ತು. "ಫೋಲ್ಡರ್ 270 ಎಂಬಿ ಅಂತ ಅದೇ ಹೇಳುತ್ತಿದೆ, ಪೆನ್‌ಡ್ರೈವ್‌ನಲ್ಲಿ ಹತ್ತು ಜಿಬಿ ಖಾಲಿ ಇತ್ತು. ಇದೆಂಥದು ಮಾರಾಯರೇ?" ಎಂದು ಶೆಟ್ಟರು ಕೇಳಿದರು. ಪೆನ್‌ಡ್ರೈವ್ ಕೆಟ್ಟಿದೆಯೆಂದು ಹೊಸದನ್ನು ತರಿಸಲು ಹೊರಟಿದ್ದವರನ್ನು ತಡೆದು, ನಾನು ಹೋಗಿ ನೋಡಿದೆ.

ಆ ಬಿಲ್ಲಿಂಗ್ ತಂತ್ರಾಂಶ ಪ್ರತಿ ಬಿಲ್ಲಿಗೂ ಒಂದು ಪ್ರತ್ಯೇಕ ಪಠ್ಯ ಕಡತ ಬರೆಯುತ್ತದೆ. ಎರಡು ಇಡ್ಲಿ, ಒಂದು ಕಾಫಿ ಎಂದರೂ ಒಂದು ಕಡತ. ಹಾಗೆ ಸುಮಾರು ಎರಡು ಲಕ್ಷ ಕಡತಗಳಾಗಿದ್ದವು. ಅವುಗಳಲ್ಲಿ ಒಂದರ ಮೇಲೆ ಬಲ ಕ್ಲಿಕ್ ಮಾಡಿ Properties ತೆರೆದೆ. `Size` ಎಂಬಲ್ಲಿ 1,417 ಬೈಟ್, ಅದರ ಕೆಳಗೆ `Size on disk` ಎಂಬಲ್ಲಿ 4,096 ಬೈಟ್ ಎಂದಿತ್ತು. ಪೆನ್‌ಡ್ರೈವ್‌ಗೆ ಹೋಗಿದ್ದ ಅದೇ ಬಿಲ್ಲಿನ ನಕಲನ್ನು ತೆರೆದರೆ `Size` ಮತ್ತೆ 1,417 ಬೈಟ್, ಆದರೆ `Size on disk` 1,31,072 ಬೈಟ್! ಒಂದಕ್ಷರವೂ ಬದಲಾಗದ ಕಡತ, ಜಾಗ ಮಾತ್ರ ಮೂವತ್ತೆರಡು ಪಟ್ಟು.

ಮೊದಲನೆಯ ಸಂಖ್ಯೆ ಕಡತದೊಳಗಿರುವ ಬೈಟ್‌ಗಳ ಲೆಕ್ಕ. ಎರಡನೆಯದು ಅದಕ್ಕಾಗಿ ಡಿಸ್ಕ್‌ನಲ್ಲಿ ಮೀಸಲಾದ ಜಾಗ. ಡಿಸ್ಕ್‌ನಲ್ಲಿ ಕಡತಗಳಿಗೆ ಜಾಗ ಕೊಟ್ಟು ಲೆಕ್ಕವಿಡುವ ವ್ಯವಸ್ಥೆಯೇ ಫೈಲ್ ಸಿಸ್ಟಮ್. ಅದು ಜಾಗವನ್ನು ಬೈಟ್ ಲೆಕ್ಕದಲ್ಲಿ ಹಂಚುವುದಿಲ್ಲ. ಕ್ಲಸ್ಟರ್ ಎಂಬ ಸಮಾನ ಗಾತ್ರದ ತುಂಡುಗಳಲ್ಲಿ ಹಂಚುತ್ತದೆ, ಮತ್ತು ಒಂದು ಕ್ಲಸ್ಟರ್‌ನಲ್ಲಿ ಒಂದೇ ಕಡತಕ್ಕೆ ಜಾಗ. ಮಾಟುಂಗಾದ ಹೋಟೆಲುಗಳಲ್ಲಿ ಜನ ಹೆಚ್ಚಾದಾಗ ನಾಲ್ಕು ಜನರ ಮೇಜಿಗೆ ಪರಿಚಯವಿಲ್ಲದವರನ್ನೂ ಜೊತೆಗೆ ಕೂರಿಸುತ್ತಾರೆ. ಫೈಲ್ ಸಿಸ್ಟಮ್ ಹಾಗೆ ಮಾಡುವುದಿಲ್ಲ; ಒಬ್ಬನೇ ಬಂದರೂ ಇಡೀ ಮೇಜು ಅವನದು. ಉಳಿದ ಜಾಗ ಖಾಲಿಯಿದ್ದರೂ ಇನ್ನೊಂದು ಕಡತಕ್ಕೆ ಅದು ಸಿಗದು.

ಮೇಜು ಎಷ್ಟು ದೊಡ್ಡದು ಎಂಬುದು ಫಾರ್ಮ್ಯಾಟ್ ಮಾಡಿದಾಗಲೇ ತೀರ್ಮಾನವಾಗಿರುತ್ತದೆ. ಹೋಟೆಲಿನ ಕಂಪ್ಯೂಟರ್‌ನ ಡಿಸ್ಕ್‌ನಲ್ಲಿದ್ದ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್. ಅದರಲ್ಲಿ ಸಾಮಾನ್ಯವಾಗಿ ಕ್ಲಸ್ಟರ್ 4 ಕೆಬಿ. ಪೆನ್‌ಡ್ರೈವ್ 64 ಜಿಬಿಯದು, ಅದರ ಫೈಲ್ ಸಿಸ್ಟಮ್ ಎಕ್ಸ್‌ಫ್ಯಾಟ್. ವಿಂಡೋಸ್ ತಾನಾಗಿ ಆರಿಸುವ ಗಾತ್ರ ಎಕ್ಸ್‌ಫ್ಯಾಟ್‌ನಲ್ಲಿ 32 ಜಿಬಿವರೆಗಿನ ಡ್ರೈವ್‌ಗೆ 32 ಕೆಬಿ, ಅದನ್ನು ಮೀರಿದರೆ ಒಮ್ಮೆಲೇ 128 ಕೆಬಿ. ನಿಮ್ಮ ಡ್ರೈವ್‌ನಲ್ಲಿ ಎಷ್ಟಿದೆಯೆಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಹೀಗೆ ಬರೆಯಿರಿ, E ಬದಲು ನಿಮ್ಮ ಡ್ರೈವ್‌ನ ಅಕ್ಷರ ಹಾಕಿ:

```
chkdsk E:
```

ಮುಂದೆ `/f` ಸೇರಿಸದಿದ್ದರೆ ಇದು ಓದಿ ಹೇಳುತ್ತದೆಯೇ ಹೊರತು ಏನನ್ನೂ ತಿದ್ದುವುದಿಲ್ಲ. ಕೊನೆಯ ಸಾಲುಗಳಲ್ಲಿ `131072 bytes in each allocation unit` ಎಂದು ಕಂಡಿತು. allocation unit ಎಂದರೆ ಕ್ಲಸ್ಟರೇ, 128 ಕೆಬಿ ಎಂದರೆ ಅದೇ 1,31,072 ಬೈಟ್.

ಈಗ ಶೆಟ್ಟರ ಎದುರೇ ಲೆಕ್ಕ ಹಾಕಿದೆ. ಎರಡು ಲಕ್ಷ ಬಿಲ್ಲುಗಳು, ಸರಾಸರಿ ಸುಮಾರು 1,400 ಬೈಟ್, ಒಟ್ಟು 270 ಎಂಬಿ. 4 ಕೆಬಿಯ ಕ್ಲಸ್ಟರ್‌ಗಳಲ್ಲಿ ಅವು ಸುಮಾರು 780 ಎಂಬಿ ಹಿಡಿಯುತ್ತವೆ. 32 ಕೆಬಿಯಾದರೆ 6 ಜಿಬಿಗಿಂತ ತುಸು ಹೆಚ್ಚು. 128 ಕೆಬಿಯಾದರೆ 24 ಜಿಬಿಗೂ ಮಿಕ್ಕಿ. ಅಂದರೆ ಅವರ ಮೇಜಿನ ಖಾನೆಯಲ್ಲಿದ್ದ ಹಳೆಯ 32 ಜಿಬಿ ಪೆನ್‌ಡ್ರೈವ್‌ನಲ್ಲಿ ಆರಾಮವಾಗಿ ಹಿಡಿಯುತ್ತಿದ್ದ ಬಿಲ್ಲುಗಳು, ದೊಡ್ಡದೆಂದು ಕೊಂಡ 64 ಜಿಬಿಯ ಹತ್ತು ಜಿಬಿ ಖಾಲಿ ಜಾಗದಲ್ಲಿ ಅರ್ಧವೂ ಹಿಡಿಯಲಿಲ್ಲ. ಹತ್ತು ಜಿಬಿಯಲ್ಲಿ 128 ಕೆಬಿಯ 81,920 ಕ್ಲಸ್ಟರ್‌ಗಳಿವೆ. ನಕಲಾಗಿ ಹೋಗಿದ್ದ ಕಡತಗಳನ್ನು ಎಣಿಸಿದರೆ ಎಂಬತ್ತೊಂದು ಸಾವಿರ ಚಿಲ್ಲರೆ ಇದ್ದವು. ಪೆನ್‌ಡ್ರೈವ್ ಕೆಟ್ಟಿಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿರಲಿಲ್ಲ: ಖಾಲಿ ಜಾಗವನ್ನು ಕ್ಲಸ್ಟರ್ ಗಾತ್ರದಿಂದ ಭಾಗಿಸಿದಾಗ ಬರುವ ಸಂಖ್ಯೆಯ ಹತ್ತಿರವೇ ನಕಲು ನಿಂತಿದ್ದರೆ, ಕಾರಣ ಇದೇ.

ಇನ್ನೊಂದು ವಿಷಯ ಶೆಟ್ಟರ ಮಗಳ ಕಣ್ಣಿಗೆ ಬಿತ್ತು. ರದ್ದಾದ ಬಿಲ್ಲುಗಳು ಮುನ್ನೂರು ಬೈಟ್ ಆಸುಪಾಸಿನವು. ಕಂಪ್ಯೂಟರ್‌ನಲ್ಲಿ ಅವುಗಳ `Size on disk` ಸೊನ್ನೆ. "ಇವು ಖಾಲಿಯಾ ಅಂಕಲ್?" ಎಂದಳು. ಖಾಲಿಯಲ್ಲ. ಎನ್‌ಟಿಎಫ್‌ಎಸ್ ಪ್ರತಿ ಕಡತದ ಹೆಸರು, ದಿನಾಂಕ ಇತ್ಯಾದಿಗಳಿಗೆ ಸಾಮಾನ್ಯವಾಗಿ 1,024 ಬೈಟ್‌ನ ಒಂದು ದಾಖಲೆ ಇಡುತ್ತದೆ. ಕಡತ ಅದರಲ್ಲಿ ಉಳಿದ ಜಾಗದೊಳಗೇ ಹಿಡಿಯುವಷ್ಟು ಪುಟ್ಟದಾದರೆ ವಿಷಯವನ್ನೂ ಅಲ್ಲೇ ಬರೆದುಬಿಡುತ್ತದೆ, ಬೇರೆ ಕ್ಲಸ್ಟರ್ ಬೇಡ. ಎಕ್ಸ್‌ಫ್ಯಾಟ್‌ಗೆ ಈ ಸೌಲಭ್ಯವಿಲ್ಲ. ಅದೇ ಮುನ್ನೂರು ಬೈಟ್ ಪೆನ್‌ಡ್ರೈವ್‌ನಲ್ಲಿ ಪೂರ್ತಿ 128 ಕೆಬಿ ನುಂಗುತ್ತದೆ.

ಹಾಗಾದರೆ ಪೆನ್‌ಡ್ರೈವ್‌ಗೂ 4 ಕೆಬಿಯೇ ಇಡಬಾರದೇಕೆ? ಇಡಬಹುದು. ಫಾರ್ಮ್ಯಾಟ್ ಮಾಡುವಾಗ `Allocation unit size` ಎಂಬಲ್ಲಿ 4096 ಆರಿಸಿದರಾಯಿತು. ಆದರೆ ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಶೆಟ್ಟರದರಲ್ಲಿ ಮದುವೆಯ ವೀಡಿಯೊಗಳಿದ್ದವು. ಜೊತೆಗೆ, 64 ಜಿಬಿಯನ್ನು 128 ಕೆಬಿಯಂತೆ ತುಂಡರಿಸಿದರೆ ಸುಮಾರು 4.9 ಲಕ್ಷ ಕ್ಲಸ್ಟರ್‌ಗಳು, 4 ಕೆಬಿಯಂತೆ ತುಂಡರಿಸಿದರೆ ಒಂದೂವರೆ ಕೋಟಿಗೂ ಹೆಚ್ಚು. ಯಾವುದು ಖಾಲಿ, ಯಾವುದು ಯಾರದು ಎಂಬ ಲೆಕ್ಕವೂ ಅಷ್ಟೇ ಬೆಳೆಯುತ್ತದೆ. ದೊಡ್ಡ ವೀಡಿಯೊಗಳಿಗೆ ದೊಡ್ಡ ಕ್ಲಸ್ಟರೇ ಸರಿ: ಒಂದು ಜಿಬಿಯ ಕಡತದಲ್ಲಿ ವ್ಯರ್ಥವಾಗುವುದು ಕೊನೆಯ ಕ್ಲಸ್ಟರ್‌ನ ಉಳಿಕೆ ಮಾತ್ರ. ಹಾಗಾಗಿ ನಾನು ಡ್ರೈವ್ ಮುಟ್ಟಲಿಲ್ಲ, ಕಡತಗಳ ಸಂಖ್ಯೆಯನ್ನು ಇಳಿಸಿದೆ.

ಅರ್ಧ ನಕಲಾದದ್ದನ್ನು ಅಳಿಸಿ, ಬಿಲ್ಲುಗಳು ತಿಂಗಳಿಗೊಂದು ಫೋಲ್ಡರ್‌ನಲ್ಲಿದ್ದುದರಿಂದ ಒಂದೊಂದು ತಿಂಗಳಿಗೂ ಒಂದೊಂದು ಜಿಪ್ ಕಡತ ಮಾಡಿದೆ. ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ `tar` ಜೊತೆಗೇ ಬರುತ್ತದೆ:

```
tar -a -c -f E:\2023-04.zip -C D:\bills 2023-04
```

`-a` ಇರುವುದರಿಂದ ಹೆಸರಿನ ಕೊನೆಯ `.zip` ನೋಡಿ ಅದೇ ರೂಪದಲ್ಲಿ ಕಟ್ಟುತ್ತದೆ. ಒಳಗೆ ಸಾವಿರಾರು ಬಿಲ್ಲುಗಳಿದ್ದರೂ ಡ್ರೈವ್‌ಗೆ ಅದು ಒಂದೇ ಕಡತ. ಪೋಲಾಗುವುದು ತಿಂಗಳಿಗೆ ಹೆಚ್ಚೆಂದರೆ ಒಂದು ಕ್ಲಸ್ಟರ್. ಎಲ್ಲ ವರ್ಷಗಳನ್ನೂ ಒಂದೇ ಜಿಪ್‌ಗೆ ತುರುಕಬೇಡಿ ಎನ್ನುತ್ತೇನೆ. ಲೆಕ್ಕಪರಿಶೋಧಕರಿಗೆ ಬೇಕಾದದ್ದು ಯಾವುದೋ ಒಂದು ತಿಂಗಳಾಗಿರುತ್ತದೆ, ಮತ್ತು ಒಂದು ಜಿಪ್ ಕೆಟ್ಟರೆ ಹೋಗುವುದು ಆ ತಿಂಗಳು ಮಾತ್ರ. ನಕಲೂ ಬೇಗ ಮುಗಿಯಿತು, ಏಕೆಂದರೆ ಪೆನ್‌ಡ್ರೈವ್‌ನಲ್ಲಿ ಪ್ರತಿ ಬಿಲ್ಲಿಗೂ ಹೆಸರು ನೋಂದಾಯಿಸಿ, ಜಾಗ ಹುಡುಕಿ ಕೊಡುವ ಕೆಲಸ ತಪ್ಪಿತು.

ಒಂದು ಎಚ್ಚರಿಕೆ ಲೆಕ್ಕಪರಿಶೋಧಕರಿಗೂ ಹೇಳಿ ಕಳುಹಿಸಿದೆ: ಜಿಪ್ ಅನ್ನು ಪೆನ್‌ಡ್ರೈವ್‌ನಲ್ಲೇ ಬಿಡಿಸಿದರೆ ಬಿಲ್ಲಿಗೆ 128 ಕೆಬಿಯ ಲೆಕ್ಕ ಮತ್ತೆ ಶುರುವಾಗುತ್ತದೆ, ಮೊದಲು ತಮ್ಮ ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು ಅಲ್ಲಿ ಬಿಡಿಸಬೇಕು. ಕೊಡುವ ಮೊದಲು ಪ್ರತಿ ಜಿಪ್‌ನಲ್ಲೂ ಎಲ್ಲ ಬಿಲ್ಲುಗಳು ಬಂದಿವೆಯೇ ಎಂದು ಎಣಿಸಿಕೊಂಡೆ:

```
tar -tf E:\2023-04.zip | find /c ".txt"
```

ಇದು ಕೊಡುವ ಸಂಖ್ಯೆ, ಮೂಲ ಫೋಲ್ಡರ್‌ನ Properties ನಲ್ಲಿ `Contains` ಎದುರು ಕಾಣುವ ಕಡತಗಳ ಸಂಖ್ಯೆ, ಎರಡೂ ಒಂದೇ ಆಗಿರಬೇಕು. `Size on disk` ಅನ್ನು ಹೋಲಿಸಿ ನಕಲು ಸರಿಯೋ ತಪ್ಪೋ ಎಂದು ನಿರ್ಧರಿಸಬೇಡಿ. ಬೇರೆ ಬೇರೆ ಡ್ರೈವ್‌ಗಳಲ್ಲಿ ಅದು ಬೇರೆಯಾಗಿಯೇ ಇರುತ್ತದೆ.