ಗುಂಪು ಚಿತ್ರಕ್ಕೆ ಅಜ್ಜನನ್ನು ಸೇರಿಸುವಾಗ ಮೊದಲು ಬಣ್ಣ ತೆಗೆಯಿರಿ
ಮದುವೆಯ ಗುಂಪು ಚಿತ್ರದಲ್ಲಿಲ್ಲದ ಅಜ್ಜನನ್ನು ಫೋಟೋಶಾಪ್‌ನಲ್ಲಿ ಸೇರಿಸುವಾಗ, ಎಲ್ಲಕ್ಕಿಂತ ಮೇಲೆ ಒಂದು Black & White ಹೊಂದಾಣಿಕೆ ಲೇಯರ್ ಹಾಕಿ, ಮೊದಲು ಬೆಳಕನ್ನಷ್ಟೇ ಸರಿಮಾಡಿಕೊಳ್ಳಿ. ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಕಪ್ಪು ಬಿಳುಪಿನಲ್ಲಿ ವ್ಯತ್ಯಾಸ ತಕ್ಷಣ ಎದ್ದು ಕಾಣುತ್ತದೆ. ಅಜ್ಜನ ಲೇಯರ್‌ಗೆ ಮಾತ್ರ Curves ಕೊಟ್ಟು, ಕೊರಳಪಟ್ಟಿಯೊಳಗಿನ ಕಪ್ಪು ಪಕ್ಕದವರ ಕೊರಳಪಟ್ಟಿಯ ಕಪ್ಪಿನಷ್ಟೇ ಆಗುವಂತೆ ಮಾಡಿ. ಹಳೆಯ ಚಿತ್ರಗಳಲ್ಲಿ ಆ ಕಪ್ಪು ಹೆಚ್ಚಾಗಿ ಬೂದಿಯಂತೆ ಮಾಸಿರುತ್ತದೆ, ಅಂಟಿಸಿದ ಗುಟ್ಟು ಬಯಲಾಗುವುದೇ ಅಲ್ಲಿ. ಆಮೇಲೆ ಮೇಲಿನ ಲೇಯರ್ ಮರೆಮಾಡಿ, ಅಜ್ಜನ ಬಿಳಿ ಅಂಗಿಯನ್ನು ಅದೇ ಬೆಳಕಿನಲ್ಲಿ ನಿಂತ ಇನ್ನೊಬ್ಬರ ಬಿಳಿ ಪಂಚೆಯ ಜೊತೆ ಹೋಲಿಸಿ ಬಣ್ಣ ತಿದ್ದಿ. ಮದುವೆ ಮಂಟಪದ ಹಳದಿ ದೀಪದಡಿ ಯಾವ ಬಿಳಿಯೂ ಅಚ್ಚ ಬಿಳಿಯಾಗಿ ಉಳಿದಿರುವುದಿಲ್ಲ. ಗಾತ್ರಕ್ಕೆ ದೇಹದ ಎತ್ತರ ನಂಬಬೇಡಿ, ಅದೇ ಸಾಲಿನವರ ಕಣ್ಣಿನಿಂದ ಗಲ್ಲದವರೆಗಿನ ಅಳತೆ ನೋಡಿ. ಹಿಂದಿನ ಸಾಲಿನಲ್ಲಿ ಇಬ್ಬರ ಭುಜಗಳ ನಡುವೆ ನಿಲ್ಲಿಸಿದರೆ ಕಾಲು, ನೆರಳುಗಳ ತಲೆನೋವು ಇರುವುದಿಲ್ಲ. ಕೊನೆಗೆ ಹಿಗ್ಗಿಸಿ ನೋಡಿ, ಅಜ್ಜನೊಬ್ಬರೇ ಹೆಚ್ಚು ಸ್ಪಷ್ಟವಾಗಿದ್ದರೆ ತುಸು ಮಸುಕುಗೊಳಿಸಿ. ಆದರೆ ಮೂಗಿನ ನೆರಳು ಉಳಿದವರಿಗೆ ಬಲಕ್ಕೂ ಅಜ್ಜನಿಗೆ ಎಡಕ್ಕೂ ಬಿದ್ದಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಜ್ಜನ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲು ಮಾಡಬಹುದು, ಆದರೆ ಬೈತಲೆ, ಅಂಗಿಯ ಜೇಬು ಬದಿ ಬದಲಿಸುತ್ತವೆ, ಮನೆಯವರು ಕೂಡಲೇ ಗುರುತಿಸುತ್ತಾರೆ. ಬೇರೆ ಚಿತ್ರ ಹುಡುಕುವುದೇ ಲೇಸು.