ಎಲ್ಲವನ್ನೂ ‘ಅತಿ ಮುಖ್ಯ’ ಎನ್ನುವ ತಜ್ಞರ ನಡುವೆ ಒಮ್ಮತ ಹುಡುಕಿದ ಬಗೆ: ಸಮುದಾಯ ಆರೋಗ್ಯ ನರ್ಸ್‌ಗಳಿಗಾಗಿ ಮಾಡಿದ ಡೆಲ್ಫಿ

ಸಮುದಾಯ ಆರೋಗ್ಯ ನರ್ಸ್‌ಗಳ ಮೂಲ ಸಾಮರ್ಥ್ಯಗಳ ಪಟ್ಟಿಯನ್ನು ಡೆಲ್ಫಿಯಿಂದ, ಅಂದರೆ ತಜ್ಞರು ಹೆಸರು ಹೊರಬೀಳದಂತೆ ಸುತ್ತು ಸುತ್ತಾಗಿ ಉತ್ತರಿಸಿ ಒಮ್ಮತ ಹುಡುಕುವ ವಿಧಾನದಿಂದ, ಮಾಡುತ್ತೇವೆ ಎಂದಾಗ ಬಂದ ಮೊದಲ ಆಕ್ಷೇಪ ಇದು: ‘ಎಪ್ಪತ್ತು ಅಂಶ ಕೊಟ್ಟರೆ ಎಪ್ಪತ್ತೂ ಪಾಸಾಗುತ್ತವೆ, ಅದಕ್ಕೆ ಮೂರು ಸುತ್ತು ಯಾಕೆ?’ ಎಂದಿನ ರೀತಿಯಲ್ಲಿ ಮಾಡಿದರೆ ಆಗುವುದೂ ಹಾಗೆಯೇ. ಐದು ಅಂಕದ ಸ್ಕೇಲ್ ಇಟ್ಟು ‘ಇದು ಎಷ್ಟು ಮುಖ್ಯ?’ ಎಂದು ಕೇಳಿದರೆ ಯಾವ ಅನುಭವಿ ನರ್ಸ್ ತಾನೇ ಸೋಂಕು ತಡೆಗೆ, ತಾಯಿ-ಮಗುವಿನ ಆರೈಕೆಗೆ, ಗೋಪ್ಯತೆಗೆ 2 ಅಂಕ ಕೊಡುತ್ತಾರೆ? 1950ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಸಂಶೋಧಕರಾದ ಡಾಲ್ಕಿ ಮತ್ತು ಹೆಲ್ಮರ್ ಈ ವಿಧಾನ ಬಳಸಿದಾಗ ತಜ್ಞರು ಹೇಳಬೇಕಿದ್ದದ್ದು ಸಂಖ್ಯೆಯ ಅಂದಾಜು. ಅಂದಾಜುಗಳು ತಾವಾಗಿಯೇ ಚದುರುತ್ತವೆ, ಸುತ್ತು ಕಳೆದಂತೆ ಹತ್ತಿರ ಬರುತ್ತವೆ. ‘ಮುಖ್ಯ’ ಎಂಬ ಉತ್ತರ ಮೊದಲ ದಿನದಿಂದಲೇ ಮೇಲಿನ ತುದಿಯಲ್ಲಿ ಗುಂಪುಗೂಡಿರುತ್ತದೆ. ಅಲ್ಲಿ ಒಮ್ಮತ ಇದೆ, ಆದರೆ ಅದರಿಂದ ಪಠ್ಯಕ್ರಮವನ್ನೂ ರೂಪಿಸಲಾಗದು, ನೇಮಕಾತಿಯನ್ನೂ ಮಾಡಲಾಗದು.

ಕೊನೆಗೆ ಕೆಲಸ ಮಾಡಿದ್ದು ಪ್ರಶ್ನೆಯನ್ನೇ ಬದಲಿಸಿದ್ದು. ಮುಖ್ಯತೆಯ ಸ್ಕೇಲ್ ಉಳಿಸಿಕೊಂಡೆವು, ಏಕೆಂದರೆ ಸಮಿತಿಗಳು ಅದನ್ನು ಕೇಳುತ್ತವೆ. ಅದರ ಪಕ್ಕದಲ್ಲಿ ನಾಲ್ಕು ಆಯ್ಕೆಗಳ ಎರಡನೇ ಪ್ರಶ್ನೆ ಹಾಕಿದೆವು: ಇದು ಒಬ್ಬಳೇ ಕ್ಷೇತ್ರಕ್ಕೆ ಹೋಗುವ ಮೊದಲ ದಿನವೇ ನರ್ಸ್‌ಗೆ ಬರಬೇಕು; ಕೆಲಸ ಮಾಡುತ್ತ, ಮೇಲ್ವಿಚಾರಣೆಯಲ್ಲಿ ಕಲಿಯಬಹುದು; ಎಲ್ಲರಿಗೂ ಬೇಡ, ವಿಶೇಷ ತರಬೇತಿ ಪಡೆದವರಿಗೆ ಸಾಕು; ಇದು ನರ್ಸ್‌ನ ಕೆಲಸವಲ್ಲ. ಒಂದನ್ನೇ ಆರಿಸಬೇಕು. ಶೇ. 75ರಷ್ಟು ಜನ ಒಂದೇ ಆಯ್ಕೆಗೆ ಬಂದರೆ ಒಮ್ಮತ ಎಂಬ ನಿಯಮವನ್ನು ಮೊದಲ ಸುತ್ತಿನ ಪತ್ರ ಹೋಗುವ ಮುಂಚೆಯೇ ಬರೆದು, ದಿನಾಂಕ ಹಾಕಿ, ಹೊರಗಿನ ಒಬ್ಬರ ಬಳಿ ಇಟ್ಟೆವು. ಉತ್ತರ ಕಂಡ ಮೇಲೆ 75ನ್ನು 70 ಮಾಡುವ ಆಸೆ ಎಲ್ಲರಿಗೂ ಬರುತ್ತದೆ.

ಪ್ಯಾನೆಲ್‌ಗೆ ಮೂವತ್ತರಷ್ಟು ಜನರನ್ನು ಕರೆದು 24 ಜನರನ್ನು ಪಡೆದೆವು. ಅವರಲ್ಲಿ ಅರ್ಧದಷ್ಟು ಜನ ಈಗಲೂ ಮನೆ ಭೇಟಿ ಮಾಡುತ್ತಿರುವ ನರ್ಸ್‌ಗಳು, ಉಳಿದವರು ಮೇಲ್ವಿಚಾರಕರು ಮತ್ತು ಬೋಧಕರು. ಈ ಅನುಪಾತದ ಬಗ್ಗೆ ಜಗಳವಾದರೂ ಬಿಡಬಾರದು. ಬೋಧಕರೇ ತುಂಬಿದ ಪ್ಯಾನೆಲ್ ಪಠ್ಯಪುಸ್ತಕದ ಪರಿವಿಡಿಯನ್ನೇ ತಿರುಗಿ ಕೊಡುತ್ತದೆ.

ಮೊದಲ ಸುತ್ತು ಮುಕ್ತ ಪ್ರಶ್ನೆಯದ್ದು. ‘ಸಮುದಾಯ ಆರೋಗ್ಯ ನರ್ಸ್‌ಗೆ ಯಾವ ಸಾಮರ್ಥ್ಯ ಬೇಕು?’ ಎಂದು ಕೇಳಿದರೆ ಸಹಾನುಭೂತಿ, ಸಂವಹನ, ನಾಯಕತ್ವ ಎಂಬ ಗುಣವಾಚಕಗಳ ಸಾಲು ಬರುತ್ತದೆ, ಅದರಿಂದ ಏನೂ ಹುಟ್ಟುವುದಿಲ್ಲ. ಅದರ ಬದಲು, ಇತ್ತೀಚಿನ ಮೂರು ಮನೆ ಭೇಟಿಗಳನ್ನು ನೆನಪಿಸಿಕೊಳ್ಳಿ, ವಾರ್ಡ್‌ನಲ್ಲಿ ಮಾತ್ರ ಕೆಲಸ ಮಾಡಿದ ನರ್ಸ್ ಅಲ್ಲಿ ಎಲ್ಲಿ ತಡವರಿಸುತ್ತಿದ್ದರು ಎಂದು ಬರೆಯಿರಿ, ಎಂದೆವು. ಬಂದದ್ದು ಮುನ್ನೂರರಷ್ಟು ವಾಕ್ಯಗಳು: ಅತ್ತೆಯ ಎದುರು ಸೊಸೆಯೊಡನೆ ಗರ್ಭನಿರೋಧಕದ ಮಾತು ತೆಗೆಯುವುದು, ತೂಕದ ಯಂತ್ರ ಇಡಲು ಸಮತಟ್ಟು ಜಾಗವಿಲ್ಲದ ಮನೆಯಲ್ಲಿ ಮಗುವನ್ನು ತೂಗುವುದು, ಒಂದೇ ಓಣಿಯಲ್ಲಿ ಭೇದಿ ಪ್ರಕರಣ ಹೆಚ್ಚುತ್ತಿರುವುದನ್ನು ರಿಜಿಸ್ಟರ್ ತೆರೆಯುವ ಮುಂಚೆಯೇ ಗುರುತಿಸುವುದು. ಇಬ್ಬರು ಬೇರೆಬೇರೆಯಾಗಿ ಕುಳಿತು ಇವನ್ನು ಗುಂಪು ಮಾಡಿ, ತಾಳೆ ನೋಡಿ, ಎಪ್ಪತ್ತಕ್ಕೆ ಇಳಿಸಿದರು. ತಜ್ಞರ ಪದಗಳನ್ನು ಆದಷ್ಟು ಹಾಗೇ ಉಳಿಸಿದೆವು. ಒಂದು ಅಂಶಕ್ಕೆ ಒಂದೇ ಕ್ರಿಯಾಪದ. ‘ತಿಳಿದಿರುವುದು’, ‘ಅರಿತಿರುವುದು’ ಪೂರ್ತಿ ನಿಷೇಧ. ಆ ಪ್ರಶ್ನೆಯ ಜೊತೆ ಹೋದ ಮುನ್ನುಡಿ ಪತ್ರದ ಒಕ್ಕಣೆಯನ್ನು ಇಲ್ಲಿ ಬರೆಯುವುದಿಲ್ಲ. ಬಿಡುವಿಲ್ಲದ ನರ್ಸ್‌ಗಳು ಪುಟಗಟ್ಟಲೆ ಬರೆದು ಕಳಿಸಿದ್ದಕ್ಕೆ ಅದೂ ಒಂದು ಕಾರಣ, ಅದು ನಮ್ಮ ಬಳಿಯೇ ಇರಲಿ.

ಎರಡನೇ ಸುತ್ತಿನ ಲೆಕ್ಕಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಸಾಲಿಗೊಂದು ಅಂಶ, ಕಾಲಂಗೊಬ್ಬ ತಜ್ಞರು, B ಯಿಂದ Y ವರೆಗೆ 24 ಕಾಲಂ. ಮುಖ್ಯತೆಗೆ ಎರಡು ಸೂತ್ರ ಸಾಕು:

```
=COUNTIF(B2:Y2,">=4")/COUNT(B2:Y2)
=QUARTILE.INC(B2:Y2,3)-QUARTILE.INC(B2:Y2,1)
```

ಮೊದಲನೆಯದು 4 ಅಥವಾ 5 ಕೊಟ್ಟವರ ಪಾಲು, ಎರಡನೆಯದು ನಡುವಿನ ಅರ್ಧದಷ್ಟು ಉತ್ತರಗಳು ಎಷ್ಟು ಹರಡಿವೆ ಎಂಬ ಅಳತೆ. ಸಾಮಾನ್ಯವಾಗಿ ಈ ಹರಡು 1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಪ್ಪಿಗೆ ಎನ್ನುತ್ತಾರೆ. ಎಪ್ಪತ್ತರಲ್ಲಿ ಅರವತ್ತಕ್ಕೂ ಹೆಚ್ಚು ಅಂಶಗಳು ಇಲ್ಲೇ ಪಾಸಾದವು. ಆಕ್ಷೇಪ ಎತ್ತಿದವರು ಹೇಳಿದ್ದೇ ಆಯಿತು. ಎರಡನೇ ಪ್ರಶ್ನೆಯಲ್ಲಿ ಶೇ. 75 ದಾಟಿದ್ದು ಸುಮಾರು ಮೂವತ್ತು ಮಾತ್ರ.

ಒಂದು ಅಂಶವನ್ನು ಬಿಡಿಸಿ ನೋಡೋಣ. ‘ಸಮುದಾಯದ ಆರೋಗ್ಯದ ಅಗತ್ಯಗಳನ್ನು ಅಂದಾಜು ಮಾಡಿ ಕಾರ್ಯಯೋಜನೆ ರೂಪಿಸುವುದು.’ ‘ಒಂದೇ ಕ್ರಿಯಾಪದ’ದ ನಿಯಮದ ಕಣ್ಣು ತಪ್ಪಿಸಿ ಬಂದ ವಾಕ್ಯ ಇದು, ಏಕೆಂದರೆ ಪಠ್ಯಕ್ರಮಗಳಲ್ಲಿ ಇದು ಒಂದೇ ಉಸಿರಿನ ಮಾತು. ಮುಖ್ಯತೆಯಲ್ಲಿ 24ರಲ್ಲಿ 21 ಜನ 4 ಅಥವಾ 5 ಕೊಟ್ಟಿದ್ದರು, ಶೇ. 88. ಹಳೆಯ ರೀತಿಯಲ್ಲಾಗಿದ್ದರೆ ಕಣ್ಣುಮುಚ್ಚಿ ಪಟ್ಟಿಗೆ ಸೇರುತ್ತಿತ್ತು. ಎರಡನೇ ಪ್ರಶ್ನೆಯಲ್ಲಿ ಮೊದಲ ದಿನವೇ ಬೇಕು ಎಂದವರು 9, ಕೆಲಸದಲ್ಲಿ ಕಲಿಯಲಿ ಎಂದವರು 8, ವಿಶೇಷ ತರಬೇತಿಯವರಿಗೆ ಬಿಡಿ ಎಂದವರು 7. ಮೂರು ಪಾಲು! ಉತ್ತರದ ಜೊತೆ ತಜ್ಞರು ಬರೆದ ಷರಾ ಓದಿದಾಗ ಕಾರಣ ಕಂಡಿತು. ಕ್ಷೇತ್ರದ ನರ್ಸ್‌ಗಳಿಗೆ ‘ಅಂದಾಜು’ ಎಂದರೆ ಮನೆಮನೆಯ ಮಾಹಿತಿ ತೆಗೆಯುವುದು. ಬೋಧಕರಿಗೆ ದರಗಳನ್ನು ಲೆಕ್ಕ ಹಾಕಿ ಹೋಲಿಸುವುದು. ಮೇಲ್ವಿಚಾರಕರ ಕಣ್ಣು ಯೋಜನೆಯ ಮೇಲೆ. ಒಂದೇ ವಾಕ್ಯಕ್ಕೆ ಮೂರು ಬೇರೆ ಕೆಲಸಗಳ ಬಗ್ಗೆ ಉತ್ತರ ಬಂದಿತ್ತು.

ಮೂರನೇ ಸುತ್ತಿಗೆ ಇದನ್ನು ಮೂರಾಗಿ ಒಡೆದೆವು. ಅಷ್ಟರಲ್ಲಿ ಪ್ಯಾನೆಲ್‌ನಲ್ಲಿ ಉಳಿದವರು 21, ಶೇ. 75 ದಾಟಲು 16 ಜನ ಬೇಕು. ಮನೆ ಭೇಟಿಯ ಮಾಹಿತಿಯಲ್ಲಿ ಎಂದಿಗಿಂತ ಬೇರೆಯಾದದ್ದನ್ನು ಗುರುತಿಸಿ ತಿಳಿಸುವುದು: 19 ಜನ ‘ಮೊದಲ ದಿನ’. ದರ ಲೆಕ್ಕ ಹಾಕಿ ಹಿಂದಿನ ವರ್ಷದೊಡನೆ ಹೋಲಿಸುವುದು: 16 ಜನ ‘ಕೆಲಸದಲ್ಲಿ ಕಲಿಯಲಿ’. ಕಾರ್ಯಯೋಜನೆ ರೂಪಿಸುವುದು: ಮೂರು ಆಯ್ಕೆಗಳಿಗೆ 10, 7, 4 ಎಂದು ಚದುರಿತು. ಮೂರನೆಯದಕ್ಕೆ ಒಮ್ಮತವಿಲ್ಲ, ಇಲ್ಲವೆಂದೇ ಬರೆದೆವು. ಮೊದಲ ಎರಡರಿಂದ ತರಬೇತಿ ಕೊಡುವವರಿಗೆ ಯಾವುದು ಮುಂಚೆ, ಯಾವುದು ಆಮೇಲೆ ಎಂಬುದು ನೇರವಾಗಿ ಸಿಕ್ಕಿತು.

ಇನ್ನೊಂದು ಹಳ್ಳ ಇರುವುದು ಬಿಟ್ಟುಹೋಗುವವರಲ್ಲಿ. ಪ್ರೊಟೊಕಾಲ್ ಪ್ರಕಾರ ರಕ್ತದೊತ್ತಡದ ಮಾತ್ರೆಯ ಪ್ರಮಾಣವನ್ನು ನರ್ಸ್ ತಾನೇ ಹೊಂದಿಸುವ ಅಂಶಕ್ಕೆ ಎರಡನೇ ಸುತ್ತಿನಲ್ಲಿ 24ರಲ್ಲಿ 17 ಜನ ‘ಕೆಲಸದಲ್ಲಿ ಕಲಿಯಲಿ’ ಎಂದಿದ್ದರು, ಶೇ. 71. ಮೂರನೇ ಸುತ್ತಿನಲ್ಲಿ 21ರಲ್ಲಿ 17, ಶೇ. 81. ವರದಿಯಲ್ಲಿ ಇದು ಚಂದದ ಒಮ್ಮತವಾಗಿ ಕಾಣುತ್ತದೆ. ಆದರೆ ಯಾರ ಮನಸ್ಸೂ ಬದಲಾಗಿರಲಿಲ್ಲ. ಬಿಟ್ಟುಹೋದ ಮೂವರೂ ‘ಇದು ನರ್ಸ್‌ನ ಕೆಲಸವಲ್ಲ’ ಎಂದವರೇ. ಇದನ್ನು ಹಿಡಿಯಲು ಒಂದೇ ದಾರಿ: ಹೆಸರಿಗೆ ಬದಲು ಕೋಡ್ ಸಂಖ್ಯೆ ಇಟ್ಟು, ಎರಡೂ ಸುತ್ತಿನಲ್ಲಿ ಉತ್ತರಿಸಿದವರನ್ನು ಮಾತ್ರ ಅಕ್ಕಪಕ್ಕ ಇಟ್ಟು ನೋಡುವುದು. ಅದೇ 21 ಜನರಲ್ಲಿ ಎರಡನೇ ಸುತ್ತಿನಲ್ಲೂ 17, ಮೂರರಲ್ಲೂ 17. ಇಂಥವಕ್ಕೆ ಪಟ್ಟಿಯಲ್ಲಿ ನಕ್ಷತ್ರ ಹಾಕಿ, ಬಿಟ್ಟವರ ಕೊನೆಯ ಉತ್ತರವನ್ನೂ ಪಕ್ಕದಲ್ಲಿ ಕೊಟ್ಟೆವು. ಕೋಡ್ ಮತ್ತು ಹೆಸರಿನ ನಂಟು ಒಬ್ಬರ ಬಳಿ ಮಾತ್ರ ಇರಬೇಕು. ಜ್ಞಾಪನೆಯ ಇಮೇಲ್‌ನಲ್ಲಿ ಒಮ್ಮೆ ಎಲ್ಲರ ವಿಳಾಸ ಒಟ್ಟಿಗೆ ಕಂಡರೆ ಅನಾಮಿಕತೆ ಅಲ್ಲಿಗೆ ಮುಗಿಯಿತು. ಹಿರಿಯರು ಏನೆಂದರು ಎಂದು ಕಿರಿಯರು ಊಹಿಸತೊಡಗುತ್ತಾರೆ.

ಸುತ್ತು ಮುಗಿದ ಮೇಲೆ ತಜ್ಞರಿಗೆ ಹಿಂದಿರುಗಿಸುವ ವರದಿಯಲ್ಲಿ ಪ್ರತಿಯೊಬ್ಬರಿಗೂ ಅವರ ಉತ್ತರ, ಗುಂಪಿನ ಹಂಚಿಕೆ, ಮತ್ತು ಎರಡೂ ಕಡೆಯ ಒಂದೊಂದು ಷರಾ ಇರಬೇಕು. ಬರೀ ಸರಾಸರಿ ಕಳಿಸಿದರೆ ಜನ ಸರಾಸರಿಯ ಕಡೆ ಸರಿಯುತ್ತಾರೆ, ಕಾರಣಕ್ಕೆ ಒಪ್ಪಿ ಅಲ್ಲ, ಒಂಟಿಯಾಗಿ ಕಾಣಬಾರದೆಂದು. ಯಾರು ಉತ್ತರ ಬದಲಿಸಿದರೋ ಅವರಿಂದ ಒಂದು ಸಾಲಿನ ಕಾರಣ ಕೇಳಿದರೆ ಈ ಎರಡರ ವ್ಯತ್ಯಾಸ ಗೊತ್ತಾಗುತ್ತದೆ.

ನಡುವೆ ಒಂದೆರಡು ಪ್ರಯೋಗವನ್ನೂ ಮಾಡಿ ನೋಡಿದೆವು. ನೂರು ಅಂಕವನ್ನು ಅಂಶಗಳಿಗೆ ಹಂಚಿ ಎಂದದ್ದು ಕೆಲಸಕ್ಕೆ ಬರಲಿಲ್ಲ. ಹೆಚ್ಚಿನವರು ಸಮನಾಗಿ ಹಂಚಿದರು, ಕೆಲವರ ಮೊತ್ತ ನೂರಾಗಲೇ ಇಲ್ಲ. ಇನ್ನೊಂದು ಉಪಯೋಗಕ್ಕೆ ಬಂತು: ಪ್ಯಾನೆಲ್‌ನ ಅರ್ಧಕ್ಕೆ ಫಾರ್ಮ್‌ನ ಕ್ರಮ ತಿರುಗಿಸಿ ಕಳಿಸಿದೆವು. ಯಾವ ಅಂಶಗಳೇ ಇರಲಿ, ನಲವತ್ತು ದಾಟಿದ ಮೇಲೆ ಬಂದವಕ್ಕೆ ಒಂದೇ ಆಯ್ಕೆ ಉದ್ದಕ್ಕೂ ಒತ್ತಿದ ಉತ್ತರ ಹೆಚ್ಚು, ಷರಾ ಕಡಿಮೆ. ಅದು ಒಮ್ಮತವಲ್ಲ, ದಣಿವು. ಹಾಗಾಗಿ ಒಂದು ಕೂರಿಕೆಗೆ ಮೂವತ್ತೈದು ಅಂಶ ಎಂಬುದು ನಮ್ಮ ಮಿತಿ, ಎಪ್ಪತ್ತನ್ನು ಎರಡು ಫಾರ್ಮ್ ಮಾಡುವುದು ಲೇಸು.

ಇನ್ನು ಹಣ. ಫಾರ್ಮ್‌ಗೆ, ಲೆಕ್ಕಕ್ಕೆ ಹೆಚ್ಚೇನೂ ಖರ್ಚಿಲ್ಲ. ಬಜೆಟ್‌ನ ಅರ್ಧಕ್ಕಿಂತ ಹೆಚ್ಚು ಹೋದದ್ದು ತಜ್ಞರ ಗೌರವಧನಕ್ಕೆ, ಉಳಿದದ್ದರಲ್ಲಿ ದೊಡ್ಡ ಪಾಲು ಷರಾಗಳನ್ನು ಓದಿ ವಿಂಗಡಿಸುವವರ ಸಂಬಳಕ್ಕೆ. ಗೌರವಧನವನ್ನು ಮೊದಲೇ ಪೂರ್ತಿ ಕೊಡಬೇಡಿ, ಕೊನೆಗೆ ಪೂರ್ತಿ ಇಡಲೂ ಬೇಡಿ. ಸುತ್ತು ಮುಗಿದಂತೆ ಕೊಟ್ಟರೆ, ಮತ್ತು ಮೂರನೆಯದಕ್ಕೆ ಕೊಂಚ ಹೆಚ್ಚಿಟ್ಟರೆ, ಜನ ಉಳಿಯುತ್ತಾರೆ. ಪ್ರತಿ ಸುತ್ತಿಗೆ ಎರಡು ವಾರ, ಐದನೇ ಮತ್ತು ಹತ್ತನೇ ದಿನ ಜ್ಞಾಪನೆ, ಎರಡನೆಯದು ಫೋನ್‌ನಲ್ಲಿ. ಸುತ್ತುಗಳ ನಡುವೆ ಮೂರು ವಾರಕ್ಕಿಂತ ಹೆಚ್ಚು ಅಂತರ ಬಿದ್ದರೆ ತಾವು ಹಿಂದೆ ಹಾಗೇಕೆ ಉತ್ತರಿಸಿದೆವು ಎಂಬುದೇ ತಜ್ಞರಿಗೆ ಮರೆತಿರುತ್ತದೆ, ಹೊಸದಾಗಿ ಉತ್ತರಿಸುತ್ತಾರೆ.

ಒಡೆದ ಅಂಶಗಳನ್ನೂ ಸೇರಿಸಿ, ಅಂತಿಮವಾಗಿ ಮೊದಲ ದಿನದ ಸಾಮರ್ಥ್ಯಗಳು ಮೂವತ್ತರ ಆಸುಪಾಸು, ಕೆಲಸದಲ್ಲಿ ಕಲಿಯುವವು ಇಪ್ಪತ್ತು ಚಿಲ್ಲರೆ, ಒಮ್ಮತ ಸಿಗದವು ಹನ್ನೆರಡೋ ಹದಿಮೂರೋ. ಸಿಗದವನ್ನು ಅನುಬಂಧಕ್ಕೆ ತಳ್ಳದೆ ಅದೇ ಪಟ್ಟಿಯಲ್ಲಿ, ಯಾವ ಗುಂಪು ಏನೆಂದಿತು ಎಂಬ ಹಂಚಿಕೆಯೊಡನೆ ಅಚ್ಚು ಮಾಡಿಸಿದೆವು. ನಂತರ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಆ ಪುಟದ ಬಗ್ಗೆಯೇ, ಅದರಲ್ಲೂ ಕಾರ್ಯಯೋಜನೆ ಯಾರು ರೂಪಿಸಬೇಕು ಎಂಬ ಆ ಸಾಲಿನ ಬಗ್ಗೆ.